ಫೋಟೊದಲ್ಲಿರುವ ಸರಳಿನ ಬಂಡಲ್ ಎಷ್ಟು ತೂಗುತ್ತದೆ? ಎಣಿಕೆ, ವ್ಯಾಸ, ಉದ್ದಗಳಿಂದ ಅಂದಾಜು ಮಾಡುವ ಕ್ರಮ

ಬೀದರಿನಲ್ಲಿ ಶಾಲಾ ಶಿಕ್ಷಕರಾಗಿರುವ ನನ್ನ ಪರಿಚಯದವರೊಬ್ಬರು ತಮ್ಮ ಊರಾದ ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ಮನೆ ಕಟ್ಟಿಸುತ್ತಿದ್ದಾರೆ. ವಾರದ ಕೆಲಸ ಬಿಟ್ಟು ಹೋಗಲು ಆಗದ ಕಾರಣ ಕಟ್ಟಡದ ಉಸ್ತುವಾರಿಯನ್ನು ಊರಲ್ಲೇ ಇರುವ ತಮ್ಮನಿಗೆ ವಹಿಸಿದ್ದಾರೆ. ಕಂಬಗಳಿಗೆಂದು ತರಿಸಿದ ಕಬ್ಬಿಣ ಅಂಗಳಕ್ಕೆ ಬಂದು ಬಿದ್ದ ದಿನ ತಮ್ಮನು ಅದರ ಫೋಟೊವನ್ನೂ ಬಿಲ್ಲಿನ ಫೋಟೊವನ್ನೂ ವಾಟ್ಸಾಪಿನಲ್ಲಿ ಕಳಿಸಿದನು. ಬಿಲ್ಲಿನಲ್ಲಿ 12 ಎಂ.ಎಂ. ಸರಳು, 640 ಕೆ.ಜಿ. ಎಂದಿತ್ತು. ಶಿಕ್ಷಕರು ಫೋಟೊವನ್ನು ದೊಡ್ಡದು ಮಾಡಿ ಸರಳಿನ ತುದಿಗಳನ್ನು ಎಣಿಸಿದರು, 117 ಬಂದವು. ಒಂದು ಸರಳು 12 ಮೀಟರ್, 12 ಎಂ.ಎಂ. ಸರಳಿನ ಒಂದು ಮೀಟರಿಗೆ 0.888 ಕೆ.ಜಿ. ಎಂದು ಗುಣಿಸಿದಾಗ ಸುಮಾರು 1,247 ಕೆ.ಜಿ. ಆಯಿತು. ಅಂಗಡಿಯವರು ತಪ್ಪಿ ಇಮ್ಮಡಿ ಮಾಲು ಕಳಿಸಿದ್ದಾರೆಯೋ, ಅಥವಾ ಹನ್ನೆರಡರ ಹೆಸರಿನಲ್ಲಿ ತೆಳ್ಳಗಿನ ಸರಳು ಬಂದಿದೆಯೋ ಎಂಬ ಗೊಂದಲದಲ್ಲಿ ಅವರು ಕಲಬುರಗಿಯಲ್ಲಿರುವ ನನಗೆ ಫೋನ್ ಮಾಡಿದರು. ಎರಡೂ ಆಗಿರಲಿಲ್ಲ. ಅವರ ಲೆಕ್ಕದಲ್ಲಿದ್ದ ತಪ್ಪುಗಳು ಫೋಟೊ ನೋಡಿ ಕಬ್ಬಿಣದ ತೂಕ ಅಂದಾಜು ಮಾಡುವ ಹೆಚ್ಚಿನವರು ಮಾಡುವ ತಪ್ಪುಗಳೇ ಆದ್ದರಿಂದ, ಅದೇ ಫೋಟೊವನ್ನು ಮುಂದಿಟ್ಟುಕೊಂಡು ಈ ಕ್ರಮವನ್ನು ವಿವರಿಸುತ್ತೇನೆ.

ಲೆಕ್ಕದ ಸೂತ್ರ

ಬಂಡಲಿನ ತೂಕವೆಂದರೆ ಸರಳುಗಳ ಸಂಖ್ಯೆ, ಒಂದು ಸರಳಿನ ಉದ್ದ, ಒಂದು ಮೀಟರ್ ಸರಳಿನ ತೂಕ ಈ ಮೂರರ ಗುಣಲಬ್ಧ. ಮೀಟರಿನ ತೂಕ ವ್ಯಾಸದಿಂದ ಸಿಗುತ್ತದೆ: ವ್ಯಾಸವನ್ನು ಮಿಲಿಮೀಟರಿನಲ್ಲಿ ಬರೆದು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಬೇಕು. ಉಕ್ಕಿನ ಸಾಂದ್ರತೆಯನ್ನು ಘನ ಮೀಟರಿಗೆ 7,850 ಕೆ.ಜಿ. ಎಂದು ಹಿಡಿದು, ದುಂಡನೆಯ ಸರಳಿನ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿದರೆ ಉಳಿಯುವ ಸಂಖ್ಯೆಯೇ ಈ 162. ಇದರಲ್ಲಿ ಬೇರೆ ಗುಟ್ಟಿಲ್ಲ.

```
ತೂಕ (ಕೆ.ಜಿ.) = ಸಂಖ್ಯೆ × ಉದ್ದ (ಮೀ.) × ವ್ಯಾಸ × ವ್ಯಾಸ ÷ 162
```

ಭಾರತೀಯ ಮಾನಕ IS 1786 ನೀಡುವ ಮೀಟರಿನ ತೂಕಗಳು ಇದೇ ಲೆಕ್ಕದಿಂದ ಬಂದವು: 8 ಎಂ.ಎಂ. ಸರಳಿಗೆ 0.395 ಕೆ.ಜಿ., 10ಕ್ಕೆ 0.617, 12ಕ್ಕೆ 0.888, 16ಕ್ಕೆ 1.58, 20ಕ್ಕೆ 2.47. ಮನೆ ಕಟ್ಟುವವರಿಗೆ ಇಷ್ಟು ಸಾಕು.

ಈ ಸೂತ್ರದಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಸಂಖ್ಯೆ ಮತ್ತು ಉದ್ದ ಒಂದೊಂದು ಸಲ ಬರುತ್ತವೆ, ವ್ಯಾಸ ಎರಡು ಸಲ ಬರುತ್ತದೆ. ಅರವತ್ತು ಸರಳಿನಲ್ಲಿ ಒಂದನ್ನು ಎಣಿಸಲು ಮರೆತರೆ ಲೆಕ್ಕ ನೂರಕ್ಕೆ ಎರಡರಷ್ಟೂ ತಪ್ಪುವುದಿಲ್ಲ. ಆದರೆ ಹತ್ತರ ಸರಳನ್ನು ಹನ್ನೆರಡರದು ಎಂದುಕೊಂಡರೆ ಇರುವುದಕ್ಕಿಂತ ನೂರಕ್ಕೆ 44ರಷ್ಟು ಹೆಚ್ಚು ತೂಕ ಬರುತ್ತದೆ. ಜನ ಎಣಿಕೆಗೆ ಅರ್ಧ ಗಂಟೆ ಕೊಟ್ಟು, ವ್ಯಾಸವನ್ನು ಕಣ್ಣಳತೆಯಲ್ಲಿ ಮುಗಿಸಿಬಿಡುತ್ತಾರೆ. ಶ್ರಮ ಇರಬೇಕಾದ್ದು ಇನ್ನೊಂದು ಕಡೆ.

ಮೊದಲು ಬಂಡಲಿನ ಬಾಗು ಹುಡುಕಿ

ಶಿಕ್ಷಕರ ಲೆಕ್ಕ ಇಮ್ಮಡಿಯಾದದ್ದು ಸರಳು ಮಡಚಿದ್ದರಿಂದ. ಕಾರ್ಖಾನೆಯಿಂದ ಸರಳು ಸಾಮಾನ್ಯವಾಗಿ 12 ಮೀಟರ್ ಉದ್ದಕ್ಕೆ ಕತ್ತರಿಸಿ ಬರುತ್ತದೆ. ಅಷ್ಟು ಉದ್ದದ ಮಾಲನ್ನು ಊರೊಳಗಿನ ಓಣಿಗಳಿಗೆ ಸಣ್ಣ ಗಾಡಿಯಲ್ಲಿ ಒಯ್ಯಲು ಆಗುವುದಿಲ್ಲವಾದ್ದರಿಂದ, ತೆಳ್ಳಗಿನ ಸರಳನ್ನು ನಡುವೆ ಮಡಚಿ, ಕೂದಲಿನ ಪಿನ್ನಿನ ಆಕಾರದಲ್ಲಿ ಕಟ್ಟಿ ಕಳಿಸುತ್ತಾರೆ. ಹೀಗೆ ಮಡಚಿದ ಬಂಡಲಿನ ಒಂದು ಕಡೆ ಬಾಗುಗಳು, ಇನ್ನೊಂದು ಕಡೆ ಕತ್ತರಿಸಿದ ತುದಿಗಳು ಇರುತ್ತವೆ. ಒಂದೇ ಸರಳಿನ ಎರಡೂ ತುದಿಗಳು ಒಂದೇ ಕಡೆಗೆ ಬರುವುದರಿಂದ ಅಲ್ಲಿ ಕಾಣುವ ತುದಿಗಳ ಸಂಖ್ಯೆ ಸರಳುಗಳ ಸಂಖ್ಯೆಯ ಎರಡರಷ್ಟಾಗುತ್ತದೆ. ಶಹಾಪುರದ ಫೋಟೊವನ್ನು ತುದಿಗಳ ಕಡೆಯಿಂದ ತೆಗೆಯಲಾಗಿತ್ತು. ಬಾಗುಗಳು ಹಿಂದೆ, ಫೋಟೊದ ಆಚೆ ಉಳಿದಿದ್ದವು.

ಆದ್ದರಿಂದ ಎಣಿಸಲು ಕೂಡುವ ಮೊದಲು ಬಂಡಲಿನ ಎರಡೂ ಕಡೆಯ ಫೋಟೊ ತರಿಸಿಕೊಳ್ಳಬೇಕು. ಎರಡೂ ಕಡೆ ತುದಿಗಳೇ ಕಂಡರೆ ಸರಳು ನೇರವಾಗಿದೆ, ಒಂದು ಕಡೆಯ ಎಣಿಕೆ ಸಾಕು. ಒಂದು ಕಡೆ ಬಾಗು ಕಂಡರೆ ತುದಿಗಳನ್ನು ಎಣಿಸಿ ಅರ್ಧ ಮಾಡಬೇಕು. ಬಾಗುಗಳನ್ನೇ ಎಣಿಸಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಎಣಿಸಬಹುದು, ಒಂದು ಬಾಗಿಗೆ ಒಂದು ಸರಳು ಎಂಬ ಲೆಕ್ಕವೂ ನೇರವಾಗಿದೆ. ಆದರೆ ಬಾಗುಗಳು ಒಂದರೊಳಗೊಂದು ಹೊಕ್ಕು ಕೂತಿರುವುದರಿಂದ ಒಳಗಿನವು ಫೋಟೊದಲ್ಲಿ ಕಾಣುವುದಿಲ್ಲ. ಬಾಗಿನ ಕಡೆಯ ಫೋಟೊ ಸರಳು ಮಡಚಿದೆ ಎಂದು ತಿಳಿಯಲಿಕ್ಕೆ, ಎಣಿಕೆಗೆ ತುದಿಗಳ ಕಡೆಯೇ ಸರಿ.

ಮಡಚುವುದರಿಂದ ಎಣಿಸುವವನಿಗೆ ಒಂದು ಲಾಭವೂ ಇದೆ. ಎಲ್ಲ ಸರಳುಗಳೂ ಮಡಚಿದ್ದರೆ ತುದಿಗಳ ಒಟ್ಟು ಸಂಖ್ಯೆ ಸಮಸಂಖ್ಯೆಯೇ ಆಗಬೇಕು. 117 ಎಂಬುದು ಬೆಸಸಂಖ್ಯೆ. ಎಂದರೆ ಆ ಎಣಿಕೆ ತಪ್ಪಿದೆ ಎಂದು ತಿಳಿಯಲು ಇನ್ನೊಮ್ಮೆ ಎಣಿಸುವ ಅಗತ್ಯವೂ ಇರಲಿಲ್ಲ. ಕನಿಷ್ಠ ಒಂದು ತುದಿಯಾದರೂ ಕಣ್ಣು ತಪ್ಪಿಸಿಕೊಂಡಿದೆ, ಇಲ್ಲವೇ ಒಂದು ಎರಡು ಸಲ ಎಣಿಕೆಗೆ ಬಂದಿದೆ.

ಎಣಿಕೆ

ತುದಿಗಳು ತಪ್ಪಿಹೋಗಲು ಮುಖ್ಯ ಕಾರಣ ಅವು ಒಂದೇ ಮಟ್ಟದಲ್ಲಿ ಇಲ್ಲದಿರುವುದು. ಸರಳನ್ನು ಸರಿಯಾಗಿ ನಡುವಿಗೇ ಮಡಚುವುದಿಲ್ಲ. ಒಂದು ಕಾಲು ಉದ್ದ, ಇನ್ನೊಂದು ಗಿಡ್ಡ ಆಗುತ್ತದೆ. ಗಿಡ್ಡ ಕಾಲಿನ ತುದಿ ಒಂದು ಗೇಣು ಹಿಂದೆ ಸರಿದು ನೆರಳಿನಲ್ಲಿ ಅಡಗಿ ಕೂಡುತ್ತದೆ. ನಮ್ಮ ಭಾಗದ ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದ ಫೋಟೊದಲ್ಲಿ ಮುಂದಿನ ತುದಿಗಳು ಬೆಳ್ಳಗೆ ಹೊಳೆದು ಹಿಂದಿನವು ಪೂರ್ತಿ ಕಪ್ಪಾಗುತ್ತವೆ. ಮಳೆಗಾಲವಾದರೆ ಎರೆಮಣ್ಣು ತುದಿಗಳಿಗೆ ಮೆತ್ತಿಕೊಂಡು ಎರಡು ತುದಿ ಒಂದೇ ಉಂಡೆಯಾಗಿ ಕಾಣುತ್ತವೆ.

ಇದಕ್ಕೆ ನಾನು ಕಂಡ ಸುಲಭದ ಉಪಾಯವೆಂದರೆ ಸುಣ್ಣ. ಸ್ಥಳದಲ್ಲಿರುವವರು ಒಂದು ಬಟ್ಟೆಯ ತುಂಡನ್ನು ಸುಣ್ಣದ ನೀರಿನಲ್ಲಿ ಅದ್ದಿ ಪ್ರತಿಯೊಂದು ತುದಿಗೂ ಒಮ್ಮೆ ಒತ್ತಬೇಕು, ಹಿಂದೆ ಸರಿದ ತುದಿಗಳಿಗೂ ಕೈಹಾಕಿ ಒತ್ತಬೇಕು. ಆಮೇಲೆ ಬಿಸಿಲು ಏರುವ ಮೊದಲು, ಬಂಡಲಿಗೆ ನೇರ ಎದುರು ನಿಂತು, ತುದಿಗಳ ಎತ್ತರಕ್ಕೆ ಫೋನ್ ಹಿಡಿದು ಒಂದು ಫೋಟೊ, ಒಂದು ಹೆಜ್ಜೆ ಎಡಕ್ಕೆ ಸರಿದು ಇನ್ನೊಂದು ಫೋಟೊ ತೆಗೆಯಬೇಕು. ಮೊದಲ ಫೋಟೊದಲ್ಲಿ ಮುಂದಿನ ಸರಳಿನ ಮರೆಗೆ ಹೋದದ್ದು ಎರಡನೆಯದರಲ್ಲಿ ಹೊರಗೆ ಬರುತ್ತದೆ. ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೊವಾಗಿ ಕಳಿಸಿದರೆ ಅದು ಕುಗ್ಗಿ ವಿವರ ಕಳೆದುಕೊಳ್ಳುವುದರಿಂದ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಬೇಕು.

ಎಣಿಸುವವರು ಫೋನಿನ ಫೋಟೊ ಎಡಿಟ್ ಮಾಡುವ ಸೌಲಭ್ಯದಲ್ಲಿ ಎಣಿಸಿದ ಪ್ರತಿ ತುದಿಯ ಮೇಲೂ ಚುಕ್ಕೆ ಇಡುತ್ತಾ, ಹತ್ತು ಆದ ಕೂಡಲೇ ಬಣ್ಣ ಬದಲಿಸುತ್ತಾ ಹೋಗುವುದು ಒಳ್ಳೆಯದು. ಬೆರಳಿಟ್ಟು ಬಾಯಲ್ಲಿ ಎಣಿಸುವವರು ನಾಲ್ವತ್ತು ದಾಟಿದ ಮೇಲೆ ಎಲ್ಲಿದ್ದೆವೆಂಬುದನ್ನು ಮರೆಯುತ್ತಾರೆ. ಇದು ನನ್ನ ಅನುಭವವೂ ಹೌದು.

ಇಷ್ಟರ ಮೇಲೆ ಇನ್ನೊಂದು ತಾಳೆ ಇದೆ. ಚಿಲ್ಲರೆ ಮಾರಾಟದಲ್ಲಿ ಸರಳನ್ನು ಒಬ್ಬಿಬ್ಬರು ಹೊರುವಷ್ಟು ತೂಕದ, ಸುಮಾರು ಐವತ್ತು ಕೆ.ಜಿ. ಆಸುಪಾಸಿನ ಸಣ್ಣ ಬಂಡಲುಗಳಾಗಿ ಕಟ್ಟುವ ವಾಡಿಕೆ ಇದೆ. ಎಂಟರದ್ದು ಹತ್ತು ಸರಳು, ಹತ್ತರದ್ದು ಏಳು, ಹನ್ನೆರಡರದ್ದು ಐದು, ಹದಿನಾರರದ್ದು ಮೂರು ಎಂಬುದು ಸಾಮಾನ್ಯವಾಗಿ ಕಾಣುವ ಲೆಕ್ಕ. ಇದು ನಿಯಮವಲ್ಲ, ಅಂಗಡಿಯಿಂದ ಅಂಗಡಿಗೆ ಬೇರೆಯಾಗಬಹುದು. ಆದರೆ ಶಹಾಪುರದ ಫೋಟೊದಲ್ಲಿ ಕಟ್ಟುತಂತಿಯ ಗಂಟುಗಳನ್ನು ನೋಡಿದರೆ ಹನ್ನೆರಡು ಸಣ್ಣ ಬಂಡಲುಗಳು ಬೇರೆಬೇರೆಯಾಗಿಯೇ ಕಾಣುತ್ತಿದ್ದವು. ಒಂದರಲ್ಲಿ ಐದು ಸರಳು, ಹತ್ತು ತುದಿ. ಒಟ್ಟು 120 ತುದಿ ಇರಬೇಕು. ಸುಣ್ಣ ಹಚ್ಚಿಸಿ ಮತ್ತೆ ಫೋಟೊ ತೆಗೆಸಿದೆವು. ತಮ್ಮನೇ ಮೊದಲು ಫೋನ್ ಮಾಡಿ, “ಅಣ್ಣಾ, ಮೂರು ಒಳಗ ಸರ್ಕೊಂಡಿದ್ವು, ಈಗ ನೂರಾ ಇಪ್ಪತ್ತು ಅದಾವ ನೋಡ್ರಿ” ಎಂದನು. ಫೋಟೊದಲ್ಲೂ ಅಷ್ಟೇ ಬಂತು. ಅಲ್ಲಿಗೆ ಸರಳುಗಳು 60.

ಉದ್ದ

ಮಡಚದ ಸರಳಿನ ಉದ್ದವನ್ನು ಫೋಟೊದಿಂದ ಅಳೆಯುವ ಸಾಹಸಕ್ಕೆ ಹೋಗಬಾರದು. ಬದಿಯಿಂದ ತೆಗೆದ ಫೋಟೊದಲ್ಲಿ ಹತ್ತಿರದ ತುದಿ ಹಿಗ್ಗಿ, ದೂರದ ತುದಿ ಕುಗ್ಗಿ ಕಾಣುವುದರಿಂದ 12 ಮೀಟರ್ ಸರಳನ್ನು 11 ಮೀಟರಿನದರಿಂದ ಬೇರೆ ಮಾಡುವುದು ಕಷ್ಟ. ಟೇಪ್ ಹಿಡಿದು ಒಂದು ಸರಳನ್ನು ಅಳೆದು, ಟೇಪಿನ ಅಂಕಿ ಕಾಣುವಂತೆ ಫೋಟೊ ತೆಗೆಯುವುದೇ ದಾರಿ. ಮಡಚಿದ್ದರೆ ಉದ್ದ ಕಾಲು, ಗಿಡ್ಡ ಕಾಲು, ಬಾಗಿನ ಸುತ್ತು ಮೂರನ್ನೂ ಕೂಡಿಸಬೇಕು. ಒಂದು ಕಾಲನ್ನು ಅಳೆದು ಇಮ್ಮಡಿಸಿದರೆ ಆ ಕಾಲು ಯಾವುದೆಂಬುದರ ಮೇಲೆ ಅರ್ಧ ಮೀಟರಿನವರೆಗೂ ಏರುಪೇರಾಗಬಹುದು.

ಟೇಪ್ ಇಲ್ಲದ ಕಡೆ ನಮ್ಮ ಭಾಗದ ಅಂಗಳಗಳೇ ಸಹಾಯಕ್ಕೆ ಬರುತ್ತವೆ. ಬಂಡಲು ಶಹಾಬಾದ್ ಕಲ್ಲಿನ ಹಾಸಿನ ಮೇಲೆ ಬಿದ್ದಿದ್ದರೆ, ಒಂದು ಕಲ್ಲಿನ ಅಳತೆ ಗೊತ್ತಿದ್ದರೆ ಸಾಕು, ಸರಳು ಎಷ್ಟು ಕಲ್ಲು ದಾಟಿದೆ ಎಂದು ಎಣಿಸಬಹುದು. ಕಲ್ಲುಗಳೂ ಸರಳಿನ ಜೊತೆಗೇ ಕುಗ್ಗುವುದರಿಂದ ದೂರದ ದೋಷ ಇಲ್ಲಿ ಅಷ್ಟಾಗಿ ಕಾಡುವುದಿಲ್ಲ. ಸಂದಿಯ ಅಗಲವನ್ನು ಸೇರಿಸಲು ಮಾತ್ರ ಮರೆಯಬಾರದು.

ಅಡಿಯ ಲೆಕ್ಕದಲ್ಲೊಂದು ಸಣ್ಣ ಮೋಸ ಅಡಗಿದೆ. ಮೋಸ ಎಂದರೆ ಯಾರೋ ಮಾಡುವುದಲ್ಲ, ಮಾತಿನ ಅಭ್ಯಾಸದಿಂದ ಆಗುವುದು. ಗೌಂಡಿಗಳೂ ಅಂಗಡಿಯವರೂ ಪೂರ್ತಿ ಸರಳನ್ನು “ನಲವತ್ತು ಅಡಿ” ಎನ್ನುತ್ತಾರೆ. 12 ಮೀಟರ್ ಎಂದರೆ 39 ಅಡಿ 4 ಇಂಚಿನ ಸುಮಾರು. ಒಂದು ಸರಳಿಗೆ ಎಂಟು ಇಂಚಿನಷ್ಟು ಹೆಚ್ಚು ಹಿಡಿದರೆ ಅರವತ್ತು ಸರಳಿನಲ್ಲಿ ಸುಮಾರು ಹನ್ನೊಂದೂವರೆ ಮೀಟರ್ ಹೆಚ್ಚಾಗುತ್ತದೆ, ಎಂದರೆ ಇಲ್ಲದ ಒಂದು ಸರಳು ಲೆಕ್ಕಕ್ಕೆ ಬಂದು ಸೇರುತ್ತದೆ. ಲೆಕ್ಕವನ್ನು ಮೀಟರಿನಲ್ಲೇ ಮಾಡುವುದು ಕ್ಷೇಮ.

ಬೇಸಿಗೆಯಲ್ಲಿ ಕಬ್ಬಿಣ ಹಿಗ್ಗಿ ಉದ್ದವಾಗುತ್ತದೆ, ಆಗ ಅಳೆಯಬಾರದು ಎಂದು ಹೇಳುವವರೂ ಇದ್ದಾರೆ. ಇಪ್ಪತ್ತು ಡಿಗ್ರಿ ಬಿಸಿ ಏರಿದರೆ 12 ಮೀಟರ್ ಸರಳು ಹಿಗ್ಗುವುದು ಮೂರು ಮಿಲಿಮೀಟರಿನಷ್ಟು. ಕಲಬುರಗಿಯ ಮೇ ತಿಂಗಳಲ್ಲೂ ಧಾರಾಳವಾಗಿ ಅಳೆಯಬಹುದು, ಸರಳು ಕೈಗೆ ಸುಡದಿದ್ದರೆ ಸರಿ.

ವ್ಯಾಸ

ಇಲ್ಲಿ ನಿಧಾನವಾಗಿ ಹೋಗಬೇಕು. ಫೋಟೊದಲ್ಲಿ 10 ಮತ್ತು 12 ಎಂ.ಎಂ. ಸರಳುಗಳನ್ನು ಬರಿಗಣ್ಣಿನಿಂದ ಬೇರೆ ಮಾಡಲು ಸಾಧ್ಯವಿಲ್ಲ. ಹತ್ತಿರದಿಂದ ತೆಗೆದರೆ ಹತ್ತರದ್ದು ದಪ್ಪವಾಗಿಯೂ, ದೂರದಿಂದ ತೆಗೆದರೆ ಹನ್ನೆರಡರದ್ದು ತೆಳ್ಳಗೂ ಕಾಣುತ್ತದೆ.

ಮೊದಲು ಹುಡುಕಬೇಕಾದ್ದು ಬರಹ. ಕಾರ್ಖಾನೆಯಿಂದ ಬಂದ ದೊಡ್ಡ ಬಂಡಲಿಗೆ ಅಳತೆ, ದರ್ಜೆ ಬರೆದ ಒಂದು ತಗಡಿನ ಅಥವಾ ಪ್ಲಾಸ್ಟಿಕ್ಕಿನ ಚೀಟಿ ಕಟ್ಟಿರುತ್ತಾರೆ. ಸರಳಿನ ಮೈಮೇಲೆಯೇ ತಯಾರಕರ ಗುರುತು, Fe 500D ಅಥವಾ Fe 550D ಎಂಬಂಥ ದರ್ಜೆ, ಅನೇಕ ಕಂಪನಿಗಳ ಮಾಲಿನಲ್ಲಿ ವ್ಯಾಸವೂ ಉಬ್ಬಕ್ಷರದಲ್ಲಿ ಮೂಡಿರುತ್ತದೆ. ಸರಳನ್ನು ಬ್ರಶ್ಶಿನಿಂದ ಉಜ್ಜಿ, ಬೆಳಕು ಪಕ್ಕದಿಂದ ಬೀಳುವಾಗ ಫೋಟೊ ತೆಗೆದರೆ ಈ ಅಕ್ಷರಗಳು ಓದಲು ಬರುತ್ತವೆ. ಅಂಕಿ ಸ್ಪಷ್ಟವಾಗಿ ಸಿಕ್ಕರೆ ಫೋಟೊದಿಂದ ಅಳೆಯುವ ಕೆಲಸವನ್ನು ಬಿಟ್ಟುಬಿಡಬಹುದು. ಆದರೆ ಚಿಲ್ಲರೆಗೆ ಬಿಡಿಸಿ ಕಟ್ಟಿದ ಸಣ್ಣ ಬಂಡಲಿನಲ್ಲಿ ಚೀಟಿ ಉಳಿದಿರುವುದು ಅಪರೂಪ, ಮತ್ತು ಒಂದು ಸರಳಿನ ಗುರುತು ಆ ಸರಳಿನ ಬಗ್ಗೆ ಮಾತ್ರ ಹೇಳುತ್ತದೆ, ಪಕ್ಕದ್ದರ ಬಗ್ಗೆ ಅಲ್ಲ.

ಬರಹ ಸಿಗದಿದ್ದರೆ ಅಳತೆ ಗೊತ್ತಿರುವ ಒಂದು ವಸ್ತುವನ್ನು ತುದಿಗಳ ಪಕ್ಕದಲ್ಲಿ ಇಡಿಸಬೇಕು. ಎಲ್ಲರ ಜೇಬಿನಲ್ಲೂ ಸಿಗುವಂಥದ್ದು ಎರಡು ಲೋಹ ಸೇರಿಸಿ ಮಾಡಿದ ಹತ್ತು ರೂಪಾಯಿಯ ನಾಣ್ಯ. ಅದರ ಅಡ್ಡಳತೆ 27 ಮಿಲಿಮೀಟರ್. ನಾಣ್ಯವನ್ನು ಕೈಯಲ್ಲಿ ಎತ್ತಿ ಹಿಡಿದರೆ ಅದು ಕ್ಯಾಮೆರಾಕ್ಕೆ ಹತ್ತಿರವಾಗಿ ದೊಡ್ಡದಾಗಿ ಕಾಣುತ್ತದೆ, ಆಗ ಸರಳು ಇರುವುದಕ್ಕಿಂತ ತೆಳ್ಳಗೆ ಎಂದು ಲೆಕ್ಕ ಬರುತ್ತದೆ. ಅದನ್ನು ಒಂದು ಸರಳಿನ ತುದಿಗೆ ತಾಗಿಸಿ, ತುದಿಗಳು ಇರುವ ಸಮತಲದಲ್ಲೇ ಹಿಡಿಯಬೇಕು. ಫೋಟೊ ಓರೆಯಾಗಿದ್ದರೆ ನಾಣ್ಯ ಉರುಟಾಗಿ ಕಾಣದೆ ಮೊಟ್ಟೆಯ ಆಕಾರ ತಾಳುತ್ತದೆ. ಅಂಥ ಫೋಟೊವನ್ನು ಅಳತೆಗೆ ಬಳಸದೆ ಇನ್ನೊಂದು ಕೇಳಬೇಕು.

ಶಹಾಪುರದ ಎರಡನೆಯ ಫೋಟೊದಲ್ಲಿ ನಾಣ್ಯದ ಅಗಲ 162 ಪಿಕ್ಸೆಲ್ ಇತ್ತು. 162ನ್ನು 27ರಿಂದ ಭಾಗಿಸಿದರೆ ಒಂದು ಮಿಲಿಮೀಟರಿಗೆ 6 ಪಿಕ್ಸೆಲ್. ನಾಣ್ಯದ ಸುತ್ತಲಿನ ಎಂಟು ತುದಿಗಳನ್ನು ಅಳೆದಾಗ ಕೆಲವು 68 ಪಿಕ್ಸೆಲ್, ಕೆಲವು 80 ಪಿಕ್ಸೆಲ್ ಬಂದವು. ಮಿಲಿಮೀಟರಿಗೆ ಇಳಿಸಿದರೆ ಹನ್ನೊಂದು ಚಿಲ್ಲರೆಯಿಂದ ಹದಿಮೂರು ಚಿಲ್ಲರೆಯವರೆಗೆ. ಒಂದೇ ಬಂಡಲಿನಲ್ಲಿ ಇಷ್ಟು ವ್ಯತ್ಯಾಸ ಏಕೆ ಎಂದು ಶಿಕ್ಷಕರು ಕೇಳಿದರು. ಬೇರೆಬೇರೆ ಅಳತೆಯ ಸರಳು ಬೆರೆಸಿದ್ದಾರೆ ಎಂಬ ಸಂಶಯ ಅವರಿಗೆ ಬಂದಿತ್ತು.

ಕಾರಣ ಸರಳಿನ ಆಕಾರದಲ್ಲಿದೆ. ಟಿ.ಎಂ.ಟಿ. ಸರಳು ನಯವಾದ ಕೊಳವೆಯಂತೆ ಇರುವುದಿಲ್ಲ, ಕಾಂಕ್ರೀಟನ್ನು ಹಿಡಿದುಕೊಳ್ಳಲೆಂದು ಅದರ ಮೈಮೇಲೆ ಉಬ್ಬುಗೆರೆಗಳಿರುತ್ತವೆ. 12 ಎಂ.ಎಂ. ಎಂಬ ಹೆಸರು ಉಬ್ಬಿನ ಮೇಲಿನ ಅಳತೆಯೂ ಅಲ್ಲ, ಉಬ್ಬಿಲ್ಲದ ತಿರುಳಿನ ಅಳತೆಯೂ ಅಲ್ಲ. ಅಷ್ಟೇ ತೂಕದ ನಯವಾದ ದುಂಡು ಸರಳಿನ ವ್ಯಾಸ ಎಷ್ಟಾಗುತ್ತಿತ್ತೋ ಅದು. ಹೀಗಾಗಿ ಹನ್ನೆರಡರ ಸರಳಿನ ತಿರುಳನ್ನು ಅಳೆದರೆ ಹನ್ನೆರಡಕ್ಕಿಂತ ಸ್ವಲ್ಪ ಕಡಿಮೆಯೂ, ಉಬ್ಬಿನಿಂದ ಉಬ್ಬಿಗೆ ಅಳೆದರೆ ಹದಿಮೂರರ ಆಚೀಚೆಯೂ ಬರುತ್ತದೆ. ಹತ್ತರ ಸರಳಿನಲ್ಲಿ ಉಬ್ಬಿನಿಂದ ಉಬ್ಬಿಗೆ ಹನ್ನೊಂದರ ಸುತ್ತಮುತ್ತ ಬರುತ್ತದೆ. ಎಡವುವುದು ಇಲ್ಲೇ: ಹತ್ತರ ಉಬ್ಬಿನ ಅಳತೆಯೂ ಹನ್ನೆರಡರ ತಿರುಳಿನ ಅಳತೆಯೂ ಹತ್ತಿರ ಹತ್ತಿರ ಒಂದೇ. ಎರಡು ಮೂರು ತುದಿಗಳನ್ನು ಅಳೆದು ಹನ್ನೊಂದು ಬಂತೆಂದು ತೀರ್ಪು ಕೊಡುವವನು ಯಾವ ಕಡೆಗಾದರೂ ತಪ್ಪಬಹುದು. ಇದರ ಜೊತೆಗೆ ಕತ್ತರಿಯಲ್ಲಿ ಕಡಿದ ತುದಿ ಒಂದು ಕಡೆ ಚಪ್ಪಟೆಯಾಗಿ ಇನ್ನೊಂದು ಕಡೆ ಅಗಲವಾಗಿರುತ್ತದೆ.

ಆದ್ದರಿಂದ ಕನಿಷ್ಠ ಎಂಟು ಹತ್ತು ತುದಿಗಳನ್ನು, ಪ್ರತಿಯೊಂದನ್ನೂ ಉದ್ದಡ್ಡ ಎರಡು ದಿಕ್ಕಿನಲ್ಲಿ ಅಳೆದು, ಅತಿ ಚಿಕ್ಕ ಮತ್ತು ಅತಿ ದೊಡ್ಡ ಅಳತೆ ಎರಡನ್ನೂ ನೋಡಬೇಕು. ಚಿಕ್ಕದು ಹನ್ನೊಂದರ ಮೇಲೆ, ದೊಡ್ಡದು ಹದಿಮೂರು ದಾಟಿದೆ ಎಂದರೆ ಅದು ಹನ್ನೆರಡರ ಸರಳು. ಚಿಕ್ಕದು ಒಂಬತ್ತೂವರೆಯ ಆಸುಪಾಸು, ದೊಡ್ಡದು ಹನ್ನೊಂದರಲ್ಲೇ ನಿಂತಿದೆ ಎಂದರೆ ಹತ್ತರದು. ನಾವು ವ್ಯಾಸವನ್ನು ದಶಾಂಶದಲ್ಲಿ ಕಂಡುಹಿಡಿಯಬೇಕಾಗಿಲ್ಲ ಎಂಬುದೇ ಇಲ್ಲಿನ ಸಮಾಧಾನ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 8, 10, 12, 16, 20, 25 ಮಾತ್ರ; ಅವುಗಳಲ್ಲಿ ಒಂದನ್ನು ಆರಿಸಬೇಕು ಅಷ್ಟೆ. ಆರಿಸಿದ ಮೇಲೆ ಸೂತ್ರದಲ್ಲಿ ಹಾಕಬೇಕಾದ್ದು ಹೆಸರಿನ ವ್ಯಾಸವನ್ನೇ ಹೊರತು ಫೋಟೊದಲ್ಲಿ ಅಳೆದ 13.3ನ್ನಲ್ಲ. ಹಾಗೆ ಹಾಕಿದರೆ ತೂಕ ನೂರಕ್ಕೆ ಇಪ್ಪತ್ತಕ್ಕೂ ಹೆಚ್ಚು ಉಬ್ಬುತ್ತದೆ.

ಹಳೆಯ ಗೌಂಡಿಗಳು ವ್ಯಾಸವನ್ನು ಸೂತಿನಲ್ಲಿ ಹೇಳಿದರೆ ಗಾಬರಿಯಾಗಬೇಕಿಲ್ಲ. ಒಂದು ಸೂತು ಎಂದರೆ ಇಂಚಿನ ಎಂಟನೆಯ ಒಂದು ಭಾಗ. ಮೂರು ಸೂತು ಹತ್ತರ ಸರಳು, ನಾಲ್ಕು ಸೂತು ಹನ್ನೆರಡರದು, ಐದು ಸೂತು ಹದಿನಾರರದು. ನಾಲ್ಕು ಸೂತನ್ನು ಲೆಕ್ಕ ಹಾಕಿ 12.7 ಎಂದು ಸೂತ್ರದಲ್ಲಿ ಬರೆಯುವುದು ಮಾತ್ರ ತಪ್ಪು.

ಲೆಕ್ಕ ಕೂಡಿಸಿದಾಗ

ಸರಳು 60, ಟೇಪಿನಲ್ಲಿ ಅಳೆಸಿದ ಉದ್ದ 12 ಮೀಟರ್, ವ್ಯಾಸ 12 ಎಂ.ಎಂ. ಒಟ್ಟು ಉದ್ದ 720 ಮೀಟರ್. 720ನ್ನು 0.888ರಿಂದ ಗುಣಿಸಿದರೆ 639.4 ಕೆ.ಜಿ. ಬಿಲ್ಲಿನ 640ಕ್ಕೆ ಇದು ಕೂದಲೆಳೆಯಷ್ಟು ಹತ್ತಿರ. ಶಿಕ್ಷಕರು ನಿಟ್ಟುಸಿರು ಬಿಟ್ಟರು. ನನಗೆ ಆ ಹತ್ತಿರವೇ ಅನುಮಾನ ತಂದಿತು.

ಏಕೆಂದರೆ ಸೂತ್ರದಿಂದ ಬರುವುದು ಪುಸ್ತಕದ ತೂಕ. ಕಾರ್ಖಾನೆಯ ಉರುಳೆಗಳಿಂದ ಹೊರಬರುವ ಸರಳು ಅದಕ್ಕಿಂತ ಸ್ವಲ್ಪ ಹಗುರವೋ ಭಾರವೋ ಆಗಿರುತ್ತದೆ, ಮತ್ತು ಮಾನಕವೇ ಅದಕ್ಕೆ ಅವಕಾಶ ಕೊಟ್ಟಿದೆ: ಒಂದು ಒಟ್ಟು ಮಾಲಿನ ತೂಕ 10 ಎಂ.ಎಂ. ಮತ್ತು ಅದಕ್ಕಿಂತ ತೆಳ್ಳಗಿನ ಸರಳಿನಲ್ಲಿ ನೂರಕ್ಕೆ 7ರಷ್ಟು, ಹತ್ತರ ಮೇಲೆ ಹದಿನಾರರವರೆಗೆ 5ರಷ್ಟು, ಅದಕ್ಕಿಂತ ದಪ್ಪನೆಯದರಲ್ಲಿ 3ರಷ್ಟು ಹೆಚ್ಚುಕಡಿಮೆ ಆಗಬಹುದು. ನಮ್ಮ ಅರವತ್ತು ಸರಳು 607ರಿಂದ 671 ಕೆ.ಜಿ.ಯ ನಡುವೆ ಎಷ್ಟು ತೂಗಿದರೂ ಮಾನಕದ ಒಳಗೇ ಇರುತ್ತದೆ. ಫೋಟೊ ಎಷ್ಟೇ ಸ್ಪಷ್ಟವಾಗಿದ್ದರೂ ಈ ಅರವತ್ತು ಕೆ.ಜಿ.ಯ ಅಂತರದೊಳಗೆ ಏನೂ ಹೇಳಲಾರದು. ನೂರಕ್ಕೆ 4ರಷ್ಟು ಹಗುರವಾದ ಸರಳು ವ್ಯಾಸದಲ್ಲಿ ಕಾಲು ಮಿಲಿಮೀಟರಿನಷ್ಟು ಮಾತ್ರ ತೆಳ್ಳಗಿರುತ್ತದೆ. ನಮ್ಮ ಫೋಟೊದಲ್ಲಿ ಅದು ಒಂದೂವರೆ ಪಿಕ್ಸೆಲ್.

ಹೀಗಿರುವಾಗ ಬಿಲ್ಲು ಪುಸ್ತಕದ ತೂಕಕ್ಕೆ ಸರಿಯಾಗಿ ಹೊಂದುತ್ತದೆ ಎಂದರೆ ಮಾಲನ್ನು ತೂಗದೆ, ಸರಳು ಎಣಿಸಿ ಗುಣಿಸಿ ಬಿಲ್ ಬರೆದಿರುವ ಸಾಧ್ಯತೆಯೇ ಹೆಚ್ಚು. ಎಣಿಕೆಯ ಲೆಕ್ಕದಲ್ಲಿ ಮಾರುವುದೂ ಒಂದು ಪದ್ಧತಿಯೇ, ಅದರಲ್ಲಿ ಅನ್ಯಾಯವೇನೂ ಇಲ್ಲ, ಮೊದಲೇ ಹಾಗೆಂದು ಮಾತಾಗಿದ್ದರೆ. ಇಲ್ಲಿ ದರ ಮಾತಾಡಿದ್ದು ಕಾಂಟಾದ ತೂಕದ ಮೇಲೆ.

ಆಗ ತೂಗಿಸುವುದು ಉಳಿಯಿತು. ಗಾಡಿಯಲ್ಲಿ ಹೇರಿ ಊರ ಹೊರಗಿನ ಕಾಂಟಾಕ್ಕೆ ಒಯ್ದು, ತುಂಬಿದ ಗಾಡಿಯ ತೂಕದಲ್ಲಿ ಖಾಲಿ ಗಾಡಿಯದನ್ನು ಕಳೆದಾಗ 610 ಕೆ.ಜಿ. ಬಂತು. ಆದರೆ ಲಾರಿ ತೂಗುವ ಕಾಂಟಾ ಆ ಕಡೆ ಹತ್ತು ಹತ್ತು ಕೆ.ಜಿ.ಯ ಹೆಜ್ಜೆಯಲ್ಲಿ ತೋರಿಸುವಂಥದ್ದು. ಎರಡು ಸಲ ತೂಗಿ ಕಳೆದ ಮೇಲೆ ಹತ್ತು ಕೆ.ಜಿ. ಆಚೀಚೆ ಆಗುವುದು ಸಹಜ. ಹತ್ತು ಟನ್ ಮಾಲಿಗೆ ಅದು ಲೆಕ್ಕಕ್ಕಿಲ್ಲ, ಆರುನೂರು ಕೆ.ಜಿ.ಗೆ ಲೆಕ್ಕಕ್ಕಿದೆ. ಆದ್ದರಿಂದ ಅದೊಂದನ್ನೇ ನಂಬಿ ಅಂಗಡಿಗೆ ಹೋಗುವುದು ಬೇಡವೆಂದೆ.

ಇದಕ್ಕಿಂತ ಚೊಕ್ಕವಾದ ಪರೀಕ್ಷೆ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಆಗುತ್ತದೆ. ಕಂಬದ ಕೆಲಸಕ್ಕೆ ಸರಳು ಕತ್ತರಿಸುವಾಗ ಉಳಿದ ತುಂಡುಗಳಿಂದ, ಬೇರೆಬೇರೆ ಸಣ್ಣ ಬಂಡಲಿನ ಮೂರು ಸರಳುಗಳದನ್ನು ಆರಿಸಿ, ತುದಿ ನೇರವಾಗಿ ಬರುವಂತೆ ಕಟ್ಟರಿನಲ್ಲಿ ಕೊಯ್ದು ಸರಿಯಾಗಿ ಒಂದೊಂದು ಮೀಟರ್ ಮಾಡಿಸಬೇಕು. ಐದು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ತೂಕದಲ್ಲಿ ನಾಲ್ಕೈದು ಗ್ರಾಂ ವ್ಯತ್ಯಾಸ ಬರುವುದರಿಂದ ಟೇಪನ್ನು ಸಡಿಲ ಹಿಡಿಯಬಾರದು. ಸರಳಿಗೆ ಮೆತ್ತಿದ ಮಣ್ಣನ್ನೂ ಸುಣ್ಣವನ್ನೂ ಒರೆಸಿ ತೂಗಬೇಕು. ಹನ್ನೆರಡರ ಸರಳಿನ ಒಂದು ಮೀಟರ್ 888 ಗ್ರಾಂ ಇರಬೇಕು. ಬಿಡಿ ತುಂಡಿಗೆ ಮಾನಕ ನೂರಕ್ಕೆ 6ರವರೆಗೆ ಕಡಿಮೆಯನ್ನು ಒಪ್ಪುವುದರಿಂದ 835 ಗ್ರಾಮಿಗಿಂತ ಕೆಳಗಿಳಿಯಬಾರದು. ತಮ್ಮನು ತೂಗಿಸಿದ ಮೂರು ತುಂಡುಗಳು 850, 846, 853 ಗ್ರಾಂ ಬಂದವು. ಸರಾಸರಿ 850 ಎಂದು ಹಿಡಿದರೆ 720 ಮೀಟರಿಗೆ 612 ಕೆ.ಜಿ. ಕಾಂಟಾದ 610ಕ್ಕೂ ಇದಕ್ಕೂ ತಾಳೆಯಾಯಿತು.

ಎರಡು ಬೇರೆಬೇರೆ ದಾರಿಯಿಂದ ಒಂದೇ ಉತ್ತರ ಬಂದ ಮೇಲೆ ಚಿತ್ರ ಸ್ಪಷ್ಟವಾಯಿತು. ಸರಳು ಹನ್ನೆರಡರದೇ, ಅರವತ್ತೂ ಇವೆ, ತೂಕದಲ್ಲಿ ಮಾನಕ ಒಪ್ಪುವ ಕೆಳಗಿನ ಅಂಚಿನ ಹತ್ತಿರ ಇವೆ. ಕಂಬದ ಬಲಕ್ಕೆ ಹೆದರಬೇಕಾಗಿರಲಿಲ್ಲ. ವ್ಯತ್ಯಾಸ ಇದ್ದದ್ದು ಬಿಲ್ಲಿನಲ್ಲಿ, 28 ಕೆ.ಜಿ.ಯಷ್ಟು. ತುಂಡುಗಳು ತಕ್ಕಡಿಯ ಮೇಲಿರುವ ಫೋಟೊ, ಕಾಂಟಾದ ಚೀಟಿ ಎರಡನ್ನೂ ಮುಂದಿಟ್ಟಾಗ ಅಂಗಡಿಯವರು ಹೆಚ್ಚು ಮಾತಿಲ್ಲದೆ ಆ 28 ಕೆ.ಜಿ.ಯ ಹಣವನ್ನು ಮುಂದಿನ ಮಾಲಿನ ಬಿಲ್ಲಿನಲ್ಲಿ ಕಳೆದುಕೊಟ್ಟರು.

ಸ್ಲ್ಯಾಬಿಗೆಂದು ಎಂಟರ ಸರಳು ಬಂದ ದಿನ ಶಿಕ್ಷಕರಿಂದ ನನಗೆ ಫೋನ್ ಬರಲಿಲ್ಲ, ನಾಲ್ಕು ಫೋಟೊಗಳು ಮಾತ್ರ ಬಂದವು: ಸುಣ್ಣ ಹಚ್ಚಿದ ತುದಿಗಳು, ಅವುಗಳಿಗೆ ತಾಗಿಸಿದ ಹತ್ತು ರೂಪಾಯಿಯ ನಾಣ್ಯ, ಬಾಗಿನ ಕಡೆ, ಮತ್ತು ಕಿರಾಣಿ ತಕ್ಕಡಿಯ ಮೇಲೆ 388 ಗ್ರಾಂ ತೋರಿಸುತ್ತಿದ್ದ ಒಂದು ಮೀಟರ್ ತುಂಡು.